ಕೊಳ್ಳುವವರ ದುಡ್ಡು ಯಾರ ಗಲ್ಲಾಪೆಟ್ಟಿಗೆಯದು?

ಪತ್ರ: "ಮಗ ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಎಐ, ಡೇಟಾ ಸೆಂಟರ್ ಅಂತ ಕಂಪನಿಗಳು ಸುರಿಯುತ್ತಿರುವ ದುಡ್ಡು ನೋಡಿದರೆ 2000ದ ಗುಳ್ಳೆ ನೆನಪಾಗಿ ಭಯ ಆಗುತ್ತೆ. ಇದೂ ಹಾಗೇನಾ ಅಂತ ತಿಳಿಯೋದು ಹೇಗೆ?" – ಓದುಗರು, ಬಸವನಗುಡಿ

ಸಂಪಾದಕರ ಉತ್ತರ: ಷೇರಿನ ಬೆಲೆ ಆಮೇಲೆ ನೋಡೋಣ. ಸಾಮಾನು ಕೊಳ್ಳುವವರ ಕೈಗೆ ದುಡ್ಡು ಎಲ್ಲಿಂದ ಬಂತು ಅಂತ ಮೊದಲು ನೋಡಿ.

ಎಸ್‌.ಪಿ. ರಸ್ತೆಯ ಒಂದು ಅಂಗಡಿ ಅಂದುಕೊಳ್ಳಿ. ಮಾಲೀಕರೇ ಗಿರಾಕಿಗೆ 40,000 ರೂಪಾಯಿ ಸಾಲ ಕೊಟ್ಟು, ಅದೇ ದುಡ್ಡಿಗೆ ಕಂಪ್ಯೂಟರ್ ಮಾರುತ್ತಾರೆ. ಪುಸ್ತಕದಲ್ಲಿ ಅವತ್ತಿನ ವ್ಯಾಪಾರ 40,000. ದುಡ್ಡು ಮಾತ್ರ ಗಲ್ಲಾಪೆಟ್ಟಿಗೆಯಿಂದ ಹೊರಟು ಗಲ್ಲಾಪೆಟ್ಟಿಗೆಗೇ ಬಂದಿದೆ.

ಇಂಟರ್‌ನೆಟ್, ಟೆಲಿಕಾಂ ಷೇರುಗಳು ವಿಪರೀತ ಏರಿ ಕುಸಿದ ಆ ಗುಳ್ಳೆಯ ಕಾಲದಲ್ಲಿ, ಟೆಲಿಕಾಂ ಉಪಕರಣ ತಯಾರಿಸುತ್ತಿದ್ದ ಅಮೆರಿಕದ ಲೂಸೆಂಟ್ ಮಾಡಿದ್ದೂ ಇದನ್ನೇ. 1998ರಲ್ಲಿ ಅದು ವಿನ್‌ಸ್ಟಾರ್ ಎಂಬ ಗಿರಾಕಿ ಕಂಪನಿಗೆ 200 ಕೋಟಿ ಡಾಲರ್‌ವರೆಗೆ ಸಾಲ ಕೊಡಲು ಒಪ್ಪಿತು. 2001ರ ಏಪ್ರಿಲ್‌ನಲ್ಲಿ ಇನ್ನು ಕೊಡಲ್ಲ ಅಂದಾಗ ವಿನ್‌ಸ್ಟಾರ್ ದಿವಾಳಿ ಅರ್ಜಿ ಹಾಕಿತು. ಸಾಲವೂ ಹೋಯಿತು, ಗಿರಾಕಿಯೂ ಹೋದರು.

2025ರ ಸೆಪ್ಟೆಂಬರ್‌ನಲ್ಲಿ, ಚಿಪ್ ಮಾರುವ ಎನ್‌ವಿಡಿಯಾ ತನ್ನ ಚಿಪ್ ಬಳಸುವ ಓಪನ್‌ಎಐನಲ್ಲಿ 10,000 ಕೋಟಿ ಡಾಲರ್‌ವರೆಗೆ ಹೂಡುವ ಯೋಜನೆ ಪ್ರಕಟಿಸಿತು. ಇದು ಸಾಲ ಅಲ್ಲ, ಪಾಲು. ಆದರೂ ದುಡ್ಡು ಸುತ್ತಿ ಬರುವ ದಾರಿ ಹಳೆಯದೇ. ನನಗೆ ಜಾಸ್ತಿ ಅಳುಕು ಇರುವುದು ಇಲ್ಲೇ.

ಮೈಕ್ರೋಸಾಫ್ಟ್, ಗೂಗಲ್‌ನಂಥವರ ಕಥೆ ಬೇರೆ. ಅವರಿಗೆ ಬೇರೆ ವ್ಯಾಪಾರದಿಂದ ಬರುವ ದೊಡ್ಡ ಗಳಿಕೆ ಇದೆ. ಅವರ ವರದಿಯ ನಗದು ಹರಿವಿನ ಪುಟ ತೆಗೆಯಿರಿ. ವ್ಯವಹಾರದಿಂದ ಕೈಗೆ ಬಂದ ನಗದು ಒಂದು ಸಾಲಿನಲ್ಲಿರುತ್ತದೆ, ಕಟ್ಟಡ ಮತ್ತು ಯಂತ್ರಕ್ಕೆ ಹೋದದ್ದು ಇನ್ನೊಂದರಲ್ಲಿ. ಎರಡನೆಯದು ಮೊದಲನೆಯದನ್ನು ಮೀರಿ, ವ್ಯತ್ಯಾಸವನ್ನು ಸಾಲ ತುಂಬಲು ಶುರುವಾದರೆ ಅವರೂ ಹಳೆಯ ದಾರಿ ಹಿಡಿದರು ಅಂತಲೇ.

ಇನ್ನೊಂದು ಸಾಲು ಸವಕಳಿಯದು, ಅಂದರೆ ಯಂತ್ರ ಹಳತಾದಂತೆ ಅದರ ಬೆಲೆಯನ್ನು ವರ್ಷವರ್ಷ ಖರ್ಚಾಗಿ ಕಳೆಯುವ ಲೆಕ್ಕ. ಒಂದು ಕಂಪನಿ 600 ಕೋಟಿಯ ಯಂತ್ರ ಕೊಂಡು, ಸವಕಳಿಗೆ ಮುಂಚೆ ವರ್ಷಕ್ಕೆ 150 ಕೋಟಿ ಗಳಿಸುತ್ತದೆ ಅನ್ನಿ. ಯಂತ್ರ 6 ವರ್ಷ ಬಾಳುತ್ತದೆ ಅಂತ ಲೆಕ್ಕ ಹಾಕಿದರೆ ವರ್ಷಕ್ಕೆ 100 ಕೋಟಿ ಕಳೆಯಬೇಕು, 50 ಕೋಟಿ ಲಾಭ ಕಾಣುತ್ತದೆ. ಬಾಳುವುದು 3 ವರ್ಷ ಮಾತ್ರ ಅಂದರೆ ಕಳೆಯಬೇಕಾದ್ದು 200 ಕೋಟಿ, ಆಗ 50 ಕೋಟಿ ನಷ್ಟ. ಯಂತ್ರ ಅದೇ, ಗಳಿಕೆಯೂ ಅದೇ, ಬದಲಾದದ್ದು ಅಂದಾಜು ಅಷ್ಟೇ ಅಲ್ವಾ?

ಅಂದು ಹಾಸಿದ ಫೈಬರ್ ಕೇಬಲ್ ಹಾಗೆ ಬೇಗ ಹಳತಾಗಲಿಲ್ಲ. ನೂರಾರು ಕೋಟಿ ಡಾಲರ್ ಸುರಿದು ಕಟ್ಟಿದ್ದ ಟೈಕೋ ಸಮುದ್ರ ಕೇಬಲ್ ಜಾಲವನ್ನು ಟಾಟಾದವರ ವಿಎಸ್‌ಎನ್‌ಎಲ್ 2004ರಲ್ಲಿ ಬರೀ 13 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಹಾಗೆ ಅಗ್ಗವಾದ ಸಂಪರ್ಕದಿಂದ ನಮ್ಮ ಬೆಂಗಳೂರಿನ ಹೊರಗುತ್ತಿಗೆ ಕಂಪನಿಗಳಿಗೂ ಅನುಕೂಲವಾಯಿತು. ಚಿಪ್ ಅಷ್ಟು ಕಾಲ ಕಾಯುವುದಿಲ್ಲ. ಅದು ಎಷ್ಟು ವರ್ಷ ಬಾಳುತ್ತದೆ ಅನ್ನುವುದರಲ್ಲಿ ದೊಡ್ಡವರೇ ಒಮ್ಮತಕ್ಕೆ ಬಂದಿಲ್ಲ: 2025ರ ಆರಂಭದಿಂದ ಮೆಟಾ ತನ್ನ ಕೆಲವು ಸರ್ವರ್‌ಗಳ ಆಯಸ್ಸನ್ನು ಐದೂವರೆ ವರ್ಷಕ್ಕೆ ಏರಿಸಿತು, ಅಮೆಜಾನ್ ತನ್ನ ಕೆಲವನ್ನು ಆರರಿಂದ ಐದಕ್ಕೆ ಇಳಿಸಿತು.