“ಒಂದು ಬಟನ್ ಅಷ್ಟೇ ಅಲ್ವಾ?”

ಆಕೆ ಸ್ವತಂತ್ರವಾಗಿ ವೆಬ್‌ಸೈಟ್ ಮಾಡಿಕೊಡುವವರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನನ್ನ ಬಳಿ ಬಂದಾಗ ಅವರು ಮೊದಲು ಹೇಳಿದ್ದು ಹಣದ ವಿಷಯವಲ್ಲ, ನಿದ್ದೆಯ ವಿಷಯ. ಒಬ್ಬ ಗ್ರಾಹಕರ ಮೆಸೇಜ್ ಬಂದರೆ ಎದೆ ಡವಡವ ಅನ್ನುತ್ತದೆ, ರಾತ್ರಿ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ ಎಂದರು.

ಆ ಗ್ರಾಹಕರದ್ದು ಒಂದು ಕ್ಲಿನಿಕ್. ಒಪ್ಪಂದ 5 ಪುಟಗಳ ಸೈಟಿಗೆ, 2 ಸುತ್ತು ತಿದ್ದುಪಡಿ ಸೇರಿ. ಎರಡನೇ ಸುತ್ತು ಮುಗಿದ ಮೇಲೆ ಗ್ರಾಹಕರು ಒಂದು ಹೊಸ ಪುಟ ಕೇಳಿದರು, ಆಕೆ ಸುಮ್ನೆ ಮಾಡಿಕೊಟ್ಟರು. ಫೋಟೋ ಗ್ಯಾಲರಿ ಕೇಳಿದರು, ಅದನ್ನೂ ಮಾಡಿಕೊಟ್ಟರು. ಆಮೇಲೆ ಬಂತು: “ರೋಗಿಗಳು ಸೈಟಿನಲ್ಲೇ ಅಪಾಯಿಂಟ್‌ಮೆಂಟ್ ತಗೊಳ್ಳೋ ಹಾಗೆ ಮಾಡಿ ಮೇಡಂ. ಒಂದು ಬಟನ್ ಅಷ್ಟೇ ಅಲ್ವಾ?”

ಗ್ರಾಹಕರಿಗೆ ಕಾಣುವುದು ನಿಜವಾಗಿಯೂ ಒಂದು ಬಟನ್. ಅದರ ಹಿಂದೆ ಕ್ಯಾಲೆಂಡರ್ ಬೇಕು, ಒಂದೇ ಸಮಯ ಇಬ್ಬರಿಗೆ ಹೋಗದಂತೆ ತಡೆ ಬೇಕು, ರದ್ದು ಮಾಡುವ ದಾರಿ ಬೇಕು, ನೆನಪಿಸುವ ಸಂದೇಶ ಹೋಗಬೇಕು. ಆಕೆಯ ಅಂದಾಜು 22 ಗಂಟೆ. ಇಡೀ ಸೈಟಿಗೆ ಲೆಕ್ಕ ಹಾಕಿದ್ದೇ 60 ಗಂಟೆ. ಗ್ರಾಹಕರು ದುರಾಸೆಯಿಂದ ಕೇಳುತ್ತಿರಲಿಲ್ಲ, ಅವರಿಗೆ ಈ ಲೆಕ್ಕವನ್ನು ಯಾರೂ ತೋರಿಸಿರಲಿಲ್ಲ. ಅದು ಅರ್ಥವಾದ ಮೇಲೆ ಆಕೆಯ ಸಿಟ್ಟು ಸ್ವಲ್ಪ ಇಳಿಯಿತು.

ಮೊದಲು ಒಪ್ಪಂದವನ್ನು ಇಬ್ಬರೂ ಕೂತು ಓದಿದೆವು. ಬಾಕಿ ಇದ್ದ ಪ್ರತಿ ಬೇಡಿಕೆಗೂ ಒಂದೇ ಪ್ರಶ್ನೆ: ಇದು ನಿಮ್ಮ ಕೆಲಸದ ತಪ್ಪೋ, ಒಪ್ಪಿದ್ದರ ತಿದ್ದುಪಡಿಯೋ, ಹೊಸ ಕೆಲಸವೋ? ತಪ್ಪಾದರೆ ಎಷ್ಟು ಸುತ್ತು ಮುಗಿದಿದ್ದರೂ ದುಡ್ಡು ಕೇಳುವಂತಿಲ್ಲ. ಮೊಬೈಲಿನಲ್ಲಿ ಒಂದು ಪುಟ ಸರಿಯಾಗಿ ಕಾಣುತ್ತಿರಲಿಲ್ಲ, ಅದು ಆಕೆಯ ಜವಾಬ್ದಾರಿ. ಸಂಪರ್ಕದ ಫಾರ್ಮನ್ನು ಆಕೆ ‘ಹೆಚ್ಚುವರಿ’ ಎಂದು ಬರೆದುಕೊಂಡಿದ್ದರು, ಒಪ್ಪಂದದಲ್ಲಿ ಅದು ಸ್ಪಷ್ಟವಾಗಿ ಇತ್ತು. ಪಟ್ಟಿಯಿಂದ ತೆಗೆಸಿದೆ. ಇಂಥ ಒಂದು ಸಾಲು ತಪ್ಪಿದರೂ ಉಳಿದ ಲೆಕ್ಕವನ್ನು ಗ್ರಾಹಕರು ನಂಬುವುದಿಲ್ಲ. ಅಪಾಯಿಂಟ್‌ಮೆಂಟ್ ವ್ಯವಸ್ಥೆ ಮಾತ್ರ ಅನುಮಾನವೇ ಇಲ್ಲದೆ ಹೊಸ ಕೆಲಸ.

ಈಗಾಗಲೇ ಉಚಿತವಾಗಿ ಮಾಡಿಕೊಟ್ಟಿದ್ದಕ್ಕೆ ಹಿಂದಿನಿಂದ ಬಿಲ್ ಹಾಕುವುದು ಬೇಡ ಎಂದೆ. ಒಪ್ಪದ ದುಡ್ಡನ್ನು ಆಮೇಲೆ ಕೇಳಿದರೆ ಜಗಳವೇ. ಆದರೆ ಮುಂದಿನ ಬಿಲ್ಲಿನಲ್ಲಿ ಹೊಸ ಪುಟ, ಗ್ಯಾಲರಿ ಎರಡನ್ನೂ ನಮೂದಿಸಿ, ಅವುಗಳ ಮುಂದೆ “ಒಪ್ಪಂದದ ಹೊರಗಿನ ಕೆಲಸ, ಈ ಬಾರಿ ಶುಲ್ಕವಿಲ್ಲ” ಎಂದು ಬರೆಯಲು ಹೇಳಿದೆ.

ಕಷ್ಟವಾದದ್ದು ಬಾಯಿಬಿಟ್ಟು ಹೇಳುವುದು. ನಾನು ಗ್ರಾಹಕನಾಗಿ ಕೂತೆ. ಆಕೆ ಮೊತ್ತ ಹೇಳಿದರು, ಉಸಿರು ಬಿಡುವ ಮೊದಲೇ “ಬೇಕಿದ್ರೆ ಕಡಿಮೆ ಮಾಡ್ತೀನಿ ಸರ್” ಎಂದರು. ನಾನಿನ್ನೂ ತುಟಿ ಬಿಚ್ಚಿರಲಿಲ್ಲ. ಮತ್ತೆ ಮಾಡಿದಾಗಲೂ ಅಲ್ಲೇ ಎಡವಿದರು. ಆ ಮೌನ ಅವರಿಗೆ ಸಿಟ್ಟಿನಂತೆ ಕೇಳಿಸುತ್ತಿತ್ತು. ಎದುರಿನವರು ಸುಮ್ಮನಿದ್ದರೆ ಲೆಕ್ಕ ಹಾಕುತ್ತಿರಬಹುದು, ಅಷ್ಟೇ. ಮೊತ್ತ ಹೇಳಿ ಬಾಯಿ ಮುಚ್ಚಿ ಕೂರುವುದನ್ನೇ ಬಹಳ ಹೊತ್ತು ಅಭ್ಯಾಸ ಮಾಡಿದೆವು.

ಫೋನಿನಲ್ಲಿ ಮಾತಾಡಿದ ಮೇಲೆ ಕಳಿಸಲು ಒಂದು ಮೆಸೇಜ್ ಸಿದ್ಧ ಮಾಡಿದೆವು:

“ಸರ್, ಅಪಾಯಿಂಟ್‌ಮೆಂಟ್ ವ್ಯವಸ್ಥೆ ನಿಮ್ಮ ರೋಗಿಗಳಿಗೆ ಖಂಡಿತ ಅನುಕೂಲ. ನಾವು ಒಪ್ಪಿದ 5 ಪುಟಗಳ ಕೆಲಸದಲ್ಲಿ ಇದು ಸೇರಿಲ್ಲ. ಇದಕ್ಕೆ 22 ಗಂಟೆ ಬೇಕು. ಶುಲ್ಕದ ವಿವರ ಜೊತೆಗಿದೆ. ಸೈಟ್ ಸಿದ್ಧವಾಗುವುದು ಎರಡು ವಾರ ಮುಂದೆ ಹೋಗುತ್ತದೆ. ಈಗಲೇ ಸೇರಿಸಬಹುದು, ಅಥವಾ ಸೈಟ್ ಶುರುವಾದ ಮೇಲೆ ಬೇರೆ ಕೆಲಸವಾಗಿ ಮಾಡಬಹುದು. ನೀವು ಬರೆದು ಒಪ್ಪಿದ ಮೇಲೆ ಶುರು ಮಾಡುತ್ತೇನೆ.”

ಮೊದಲ ಕರಡಿನಲ್ಲಿ “ಕ್ಷಮಿಸಿ” ಮೂರು ಕಡೆ ಇತ್ತು. ಮೂರನ್ನೂ ತೆಗೆಸಿದೆ. ಕ್ಷಮೆ ಕೇಳಿದರೆ ದುಡ್ಡು ಕೇಳುವುದೇ ತಪ್ಪು ಎಂದಾಗುತ್ತದೆ. ಕೊನೆಯ ಸಾಲನ್ನು ಮಾತ್ರ ಬಿಡಬೇಡಿ ಎಂದೆ. ಒಪ್ಪಿಗೆ ಬರುವ ಮೊದಲೇ ಕೆಲಸ ಶುರುವಾದರೆ ಶುಲ್ಕದ ಮಾತಿಗೆ ಬಲ ಉಳಿಯುವುದಿಲ್ಲ.

ಗ್ರಾಹಕರು “ಇಷ್ಟೊಂದಾ?” ಎಂದರಂತೆ. ಆಕೆ ರಿಯಾಯಿತಿ ಕೊಡಲಿಲ್ಲ, ಗಂಟೆಗಳ ವಿವರ ಕೊಟ್ಟರು. ಬೆಲೆ ಇಳಿಯಬೇಕಾದರೆ ಕೆಲಸವೂ ಇಳಿಯಬೇಕು ಎಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ನೆನಪಿಸುವ ಸಂದೇಶಗಳನ್ನು ಬಿಟ್ಟರೆ 14 ಗಂಟೆ. ಎರಡು ದಿನ ಯೋಚಿಸಿ ಗ್ರಾಹಕರು ಅದಕ್ಕೆ ಒಪ್ಪಿದರು. ಒಪ್ಪದೆಯೂ ಇರಬಹುದಿತ್ತು. ಆಗ ಮೊದಲಿನ 5 ಪುಟಗಳನ್ನು ಚೆನ್ನಾಗಿ ಮುಗಿಸಿ ಕೊಡುವುದು ಎಂದು ತೀರ್ಮಾನಿಸಿದ್ದೆವು.

ಈಗ ಆಕೆಯ ಒಪ್ಪಂದಗಳಲ್ಲಿ ಎರಡು ಸಾಲು ಹೊಸದಾಗಿ ಸೇರಿವೆ. ಹೆಚ್ಚುವರಿ ಕೆಲಸಕ್ಕೆ ಗಂಟೆಯ ದರ ಎಷ್ಟು ಎಂಬುದು ಒಂದು. ‘ಸುತ್ತು’ ಎಂದರೆ ಏನು ಎಂಬುದು ಇನ್ನೊಂದು: ಎಲ್ಲ ತಿದ್ದುಪಡಿಗಳನ್ನು ಒಟ್ಟಿಗೆ ಒಂದೇ ಪಟ್ಟಿಯಲ್ಲಿ ಕಳಿಸಿದರೆ ಅದು ಒಂದು ಸುತ್ತು. ದಿನಕ್ಕೊಂದು ಮೆಸೇಜಿನಲ್ಲಿ ಬಂದದ್ದನ್ನು ಆಕೆ ಬರೆದಿಟ್ಟುಕೊಳ್ಳುತ್ತಾರೆ, ಪಟ್ಟಿ ಬಂದ ಮೇಲೆ ಕೈ ಹಾಕುತ್ತಾರೆ.