‘ಎಲ್ಲರೂ ಒಪ್ಪಿದರು’ ಅಂತ ಬರೆದರೆ ಸಾಕಾಗಲ್ಲ

ಪ್ರಶ್ನೆ: ಸರ್, ನಾನು ನಮ್ಮೂರಿನ ಹಾಲು ಉತ್ಪಾದಕರ ಸಂಘಕ್ಕೆ ಹೊಸದಾಗಿ ಕಾರ್ಯದರ್ಶಿ ಆಗಿದ್ದೇನೆ. ಮೊದಲ ಸಲ ಆಡಳಿತ ಮಂಡಳಿ ಸಭೆಯ ನಡಾವಳಿ ಬರೆದಿದ್ದೇನೆ. ಪುಸ್ತಕಕ್ಕೆ ಏರಿಸುವ ಮುಂಚೆ ಒಮ್ಮೆ ನೋಡಿ: “ಸಭೆಗೆ ಎಲ್ಲರೂ ಬಂದಿದ್ದರು. ತೂಕದ ಯಂತ್ರದ ಬಗ್ಗೆ ಬಹಳ ಹೊತ್ತು ಚರ್ಚೆ ನಡೆಯಿತು. ಹಳೇ ಯಂತ್ರ ಮೋಸ ಮಾಡುತ್ತಿದೆ, ಕೇಳುವವರೇ ಇಲ್ಲ ಎಂದು ಒಬ್ಬ ನಿರ್ದೇಶಕರು ಸಿಟ್ಟಾದರು. ರಿಪೇರಿ ಮಾಡಿಸಿದರೆ ಸಾಕು ಎಂದು ಇನ್ನೊಬ್ಬರು ಪಟ್ಟು ಹಿಡಿದರು. ಕೊನೆಗೆ ಹೊಸ ಯಂತ್ರ ಕೊಳ್ಳಲು ಎಲ್ಲರೂ ಒಪ್ಪಿದರು.”
– ಚನ್ನಗಿರಿ ತಾಲ್ಲೂಕಿನ ಓದುಗರು

ಉತ್ತರ: ಓದೋದಕ್ಕೆ ಚೆನ್ನಾಗಿದೆ, ಆದರೆ ಈ ಠರಾವು ಇಟ್ಟುಕೊಂಡು ನೀವು ಚೆಕ್ ಬರೆಯೋಕಾಗಲ್ಲ. ಎಷ್ಟು ರೂಪಾಯಿ, ಯಾರ ಹತ್ತಿರ ಕೊಳ್ಳಬೇಕು, ಯಾರು ತರಬೇಕು, ಯಾವಾಗ ತರಬೇಕು, ಒಂದೂ ಇಲ್ಲ. ಮೊದಲು ನಾನು ತಿದ್ದಿದ್ದನ್ನು ನೋಡಿ. ಅಂಕಿಗಳು ಬರೀ ಉದಾಹರಣೆಗೆ, ನಿಮ್ಮ ಲೆಕ್ಕ ನೀವು ಹಾಕಿಕೊಳ್ಳಿ.

> ಹಾಜರಾತಿ: 13 ನಿರ್ದೇಶಕರಲ್ಲಿ 10 ಮಂದಿ (ಸಹಿ ಮೇಲಿದೆ). ಕೋರಂ ಇದ್ದುದರಿಂದ ಬೆಳಿಗ್ಗೆ 11.15ಕ್ಕೆ ಸಭೆ ಆರಂಭವಾಯಿತು.
>
> ವಿಷಯ 3: ತೂಕದ ಯಂತ್ರ ಖರೀದಿ. ಈಗಿರುವ ಯಂತ್ರ ಎರಡು ಸಲ ರಿಪೇರಿಯಾದರೂ ತೂಕದಲ್ಲಿ ವ್ಯತ್ಯಾಸ ತೋರಿಸುತ್ತಿರುವುದನ್ನು ಸಭೆ ಗಮನಿಸಿತು. ಬಂದಿದ್ದ ಮೂರು ಕೊಟೇಶನ್‌ಗಳನ್ನು ಪರಿಶೀಲಿಸಿತು.
>
> ಠರಾವು: ಎಲ್ಲಕ್ಕಿಂತ ಕಡಿಮೆ ದರದ, ಇಂಥ ಅಂಗಡಿಯವರ 14,200 ರೂ. ಕೊಟೇಶನ್ ಒಪ್ಪಿ, 50 ಕೆ.ಜಿ. ಸಾಮರ್ಥ್ಯದ ಒಂದು ಎಲೆಕ್ಟ್ರಾನಿಕ್ ಯಂತ್ರ ಖರೀದಿಸಲು, ಹಣವನ್ನು ಚೆಕ್ ಮೂಲಕ ಕೊಡಲು, ಕಾರ್ಯದರ್ಶಿಯವರು ಇದೇ ತಿಂಗಳ 20ರೊಳಗೆ ಯಂತ್ರ ತಂದು ಮುದ್ರೆ ಹಾಕಿಸಲು 9–1 ಬಹುಮತದಿಂದ ತೀರ್ಮಾನಿಸಲಾಯಿತು. (ಸೂಚಕರ, ಅನುಮೋದಕರ, ವಿರೋಧಿಸಿದವರ ಹೆಸರು)

ಹಾಜರಾತಿಯಿಂದ ಶುರು ಮಾಡೋಣ. ‘ಎಲ್ಲರೂ ಬಂದಿದ್ದರು’ ಅನ್ನೋದನ್ನು ಆಡಿಟರ್ ಒಪ್ಪಲ್ಲ, ಸಹಿ ಎಣಿಸುತ್ತಾರೆ. ಕೋರಂಗೆ ಎಷ್ಟು ಜನ ಬೇಕು ಅಂತ ನಿಮ್ಮ ಸಂಘದ ಬೈಲಾದಲ್ಲಿದೆ, ನೋಡಿಕೊಳ್ಳಿ. ಯಾರಾದರೂ ಮಧ್ಯದಲ್ಲಿ ಎದ್ದು ಹೋದರೆ ಆ ಹೊತ್ತನ್ನೂ ಬರೆಯಿರಿ. ಅವರು ಹೋದ ಮೇಲೆ ಕೋರಂ ಉಳಿದಿತ್ತಾ ಅನ್ನೋ ಪ್ರಶ್ನೆ ಆಮೇಲೆ ಬರುತ್ತದೆ.

ಸಿಟ್ಟು, ಪಟ್ಟು ಎರಡನ್ನೂ ತೆಗೆದಿದ್ದೇನೆ. ‘ಮೋಸ’ ಅಂತ ಪುಸ್ತಕದಲ್ಲಿ ಬಿದ್ದರೆ, ಮಾಡಿದ್ದು ಯಾರು ಅಂತ ನಾಳೆ ಯಾರೋ ಕೇಳುತ್ತಾರೆ. ಆದರೆ ಆ ಸಿಟ್ಟಿನ ಹಿಂದೆ ಒಂದು ನಿಜವಾದ ಕಾರಣ ಇತ್ತು ಅಲ್ವಾ, ತೂಕದಲ್ಲಿ ವ್ಯತ್ಯಾಸ ಬರುತ್ತಿರೋದು. ಅದನ್ನು ಮಾತ್ರ ಉಳಿಸಿದೆ. ಹೊಸಬರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಜಗಳ ಪೂರ್ತಿ ಬರೆಯುತ್ತಾರೆ, ಇಲ್ಲಾ ‘ಚರ್ಚಿಸಲಾಯಿತು’ ಅಂತ ಒಂದೇ ಪದದಲ್ಲಿ ಕಾರಣವನ್ನೂ ನುಂಗಿಬಿಡುತ್ತಾರೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಕೊನೆಯ ಸಾಲಿನಲ್ಲಿದೆ. ಒಬ್ಬರು ರಿಪೇರಿ ಸಾಕು ಅಂದರು ಅಂತ ನೀವೇ ಬರೆದಿದ್ದೀರಿ, ಮುಂದಿನ ಸಾಲಿನಲ್ಲೇ ‘ಎಲ್ಲರೂ ಒಪ್ಪಿದರು’. ಅವರು ಕೊನೆಗೆ ಒಪ್ಪಿದ್ದರೆ ‘ಸರ್ವಾನುಮತದಿಂದ’ ಅಂತ ಹಾಕಿ. ಒಪ್ಪದೆ ಸುಮ್ನೆ ಕೂತಿದ್ದರೆ ನೇರವಾಗಿ ಕೇಳಿ: ‘ವಿರೋಧ ಅಂತ ಬರೆಯಲಾ, ತಟಸ್ಥ ಅಂತ ಬರೆಯಲಾ?’ ವಿರೋಧ ಅಂದಿದ್ದಾರೆ ಅಂತ ಇಟ್ಟುಕೊಂಡು ನಾನು 9–1 ಹಾಕಿದ್ದೇನೆ. ಇದು ಅವರ ಮರ್ಯಾದೆಯ ಮಾತಲ್ಲ. ಈ ಖರೀದಿಯಿಂದ ಸಂಘಕ್ಕೆ ನಷ್ಟ ಆಯಿತು ಅಂತ ಮುಂದೆ ವಿಚಾರಣೆ ಬಂದರೆ, ತಾನು ಬೇಡ ಅಂದಿದ್ದೆ ಅನ್ನೋದಕ್ಕೆ ಆ ನಿರ್ದೇಶಕರ ಹತ್ತಿರ ಇರೋದು ಈ ಒಂದು ಸಾಲು ಮಾತ್ರ.

‘ಮುದ್ರೆ ಹಾಕಿಸಲು’ ಅಂತ ಸೇರಿಸಿದ್ದು ಯಾಕೆ ಅಂದರೆ, ವ್ಯಾಪಾರಕ್ಕೆ ಬಳಸುವ ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಆ ಕೆಲಸ ಯಾರದ್ದು ಅಂತ ಠರಾವಿನಲ್ಲಿ ಇಲ್ಲದಿದ್ದರೆ ಯಾರೂ ಹೋಗಲ್ಲ.

ಬರೆದ ಮೇಲೆ ಅಧ್ಯಕ್ಷರ ಸಹಿಗೂ ಕೊನೆಯ ಸಾಲಿಗೂ ನಡುವೆ ಜಾಗ ಬಿಡಬೇಡಿ, ಗೆರೆ ಎಳೆಯಿರಿ. ಸುಮಾರು ವರ್ಷಗಳ ಹಿಂದೆ ನಾನು ಒಂದು ಸಂಘದಲ್ಲಿ ನಾಲ್ಕು ಬೆರಳು ಜಾಗ ಬಿಟ್ಟಿದ್ದೆ. ಮುಂದಿನ ಸಭೆ ಹೊತ್ತಿಗೆ ಅಲ್ಲಿ ಬೇರೆ ಅಕ್ಷರದಲ್ಲಿ ಒಂದು ಹೊಸ ಠರಾವೇ ಕೂತಿತ್ತು! ತಪ್ಪು ಬರೆದರೆ ವೈಟ್ನರ್ ಹಚ್ಚಬೇಡಿ. ಹಳೆಯದು ಓದೋಕೆ ಬರೋ ಹಾಗೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ನೀವೂ ಅಧ್ಯಕ್ಷರೂ ಚಿಕ್ಕ ಸಹಿ ಹಾಕಿ.

ಇನ್ನೊಂದು, ಠರಾವಿನ ಸಾಲನ್ನು ಮನೆಗೆ ಹೋಗಿ ನೆನಪು ಮಾಡಿಕೊಂಡು ಬರೆಯಬೇಡಿ. ಅಲ್ಲೇ ಬರೆದು ಜೋರಾಗಿ ಓದಿ, ಅದೂ ಮಂಡಕ್ಕಿ-ಮಿರ್ಚಿ ಬರೋದಕ್ಕಿಂತ ಮುಂಚೆ. ತಟ್ಟೆ ಬಂತು ಅಂದರೆ ನಮ್ಮ ಕಡೆ ಯಾರೂ ನಡಾವಳಿ ಕೇಳಲ್ಲ.