ಮಗಳಿಗೆ 8 ವರ್ಷ. ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಆಟ ಬೇಕಂತೆ. ಕೋಚಿಂಗ್‌ಗೆ ಸೇರಿಸೋಕೆ ದುಡ್ಡಿಲ್ಲ, ಏನು ಮಾಡಲಿ?

ದುಡ್ಡು ಕೊಟ್ಟು ಕೆಟ್ಟವನು ನಾನು. ನನ್ನ ಮಗನಿಗೂ ಆಗ ಎಂಟೇ. ಕ್ರಿಕೆಟ್ ಕೋಚಿಂಗ್‌ಗೆ ಹಾಕಿದೆ, ವಾರಕ್ಕೆ ಐದು ಸಂಜೆ, ಒಂದೊಂದು ಗಂಟೆ. ಸ್ಕೂಟರ್‌ನಲ್ಲೇ ಬಿಡೋದು, ಸ್ಕೂಟರ್‌ನಲ್ಲೇ ಕರೆತರೋದು. ಇವತ್ತಿನ ಲೆಕ್ಕ ಮುಗಿಯಿತು ಅಂದುಕೊಂಡು, ಆಮೇಲೆ ಅವನು ಟಿವಿ ಮುಂದೆ ಕೂತರೂ ಸುಮ್ನಿರುತ್ತಿದ್ದೆ.

ಆರು ತಿಂಗಳಾದರೂ ಎರಡು ಮಹಡಿ ಹತ್ತಿದರೆ ಏದುಸಿರು. ಅನುಮಾನ ಬಂದು ಒಂದು ಸಂಜೆ ಗೇಟಿನ ಹತ್ತಿರ ನಿಂತು ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿದೆ. ಅವನು ಓಡಿದಾಗ ಶುರು, ನಿಂತಾಗ ಬಂದ್. ಪ್ಯಾಡ್ ಕಟ್ಟಿಕೊಂಡ, ಸಾಲಲ್ಲಿ ನಿಂತ, ಆರು ಬಾಲ್ ಆಡಿದ, ಮತ್ತೆ ಸಾಲು. ಒಟ್ಟು 13 ನಿಮಿಷ! ನಾನು ಕ್ಲಾಸಿನ ಹೊತ್ತನ್ನು ಎಣಿಸಿದ್ದೆ, ಮೈ ಆಡಿದ ಹೊತ್ತನ್ನಲ್ಲ. ಇನ್ನೂ ಕೆಟ್ಟದ್ದೇನು ಗೊತ್ತಾ? ಮೊದಲೆಲ್ಲ ಶಾಲೆಯಿಂದ ಬಂದವನು ಕತ್ತಲಾಗೋವರೆಗೂ ಬೀದಿಯಲ್ಲೇ ಓಡುತ್ತಿದ್ದ. ಆ ಹೊತ್ತನ್ನು ಕಿತ್ತು ಈ 13 ನಿಮಿಷ ಕೊಡಿಸಿದ್ದೆ, ಅದೂ ಫೀಸು ಕಟ್ಟಿ.

ಹಾಗಾಗಿ ಕೋಚಿಂಗ್ ಇಲ್ಲ ಅನ್ನೋದು ಕೊರತೆಯೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: 5ರಿಂದ 17 ವರ್ಷದವರಿಗೆ ವಾರದ ಸರಾಸರಿಯಲ್ಲಿ ದಿನಕ್ಕೆ ಕನಿಷ್ಠ 60 ನಿಮಿಷ, ಉಸಿರು ಏರುವಂಥ ಚಟುವಟಿಕೆ. ವಾರದಲ್ಲಿ ಮೂರು ದಿನವಾದರೂ ಜೋರಾಗಿ ಓಡೋದು, ಮೂಳೆ ಮತ್ತು ಸ್ನಾಯು ಗಟ್ಟಿಯಾಗುವಂತೆ ಕುಣಿಯೋದು, ಹತ್ತೋದು. ಒಂದೇ ಸಲ ಆಗಬೇಕಂತಿಲ್ಲ. ಸರಾಸರಿ ಅಲ್ವಾ, ಪರೀಕ್ಷೆ ದಿನ ತಪ್ಪಿದ್ದನ್ನು ಭಾನುವಾರ ಸರಿದೂಗಿಸಬಹುದು. ಅಳೆಯೋಕೆ ಗಡಿಯಾರಕ್ಕಿಂತ ಬಾಯಿ ನೋಡಿ. ಮಾತಾಡೋಕಾಗುತ್ತೆ, ಹಾಡೋಕಾಗಲ್ಲ ಅಂದರೆ ಲೆಕ್ಕಕ್ಕೆ ಬಂತು. ನಾಲ್ಕು ಮಾತಿಗೇ ಉಸಿರು ಕಟ್ಟಿದರೆ ಅದು ಜೋರಿನದು.

ನಾವು ಈಗ ಶಾಲೆಗೆ ನಡೆದೇ ಹೋಗುತ್ತೇವೆ. ಹೋಗ್ತಾ 15 ನಿಮಿಷ, ಬರ್ತಾ 15. ಅಂಗಡಿ ಅಂಗಡಿಗೂ ನಿಂತರೆ ಅದು ನಡಿಗೆಯಲ್ಲ, ಅದಕ್ಕೇ ಬ್ಯಾಗು ನಾನು ಹೊರುತ್ತೇನೆ, ಅವನು ಚುರುಕಾಗಿ ನಡೀತಾನೆ. ಸಂಜೆ ಅರ್ಧ ಗಂಟೆ ಲಗೋರಿ, ಇಲ್ಲವೇ ಜೂಟಾಟ. ಬೀದಿ ಕ್ರಿಕೆಟ್‌ಗೆ ನನ್ನ ಓಟಿಲ್ಲ, ಅಲ್ಲೂ ಅರ್ಧ ಜನ ನಿಂತೇ ಇರ್ತಾರೆ. ಲಗೋರಿಯಲ್ಲಿ ಕಲ್ಲು ಬಿದ್ದ ಕ್ಷಣ ಎಲ್ಲರೂ ಓಡಲೇಬೇಕು. ಮೂಳೆಗೆ ಕುಂಟೆಬಿಲ್ಲೆ, ಸ್ಕಿಪ್ಪಿಂಗ್. ತೋಳಿಗೆ ಪಾರ್ಕಿನ ಕಂಬಿಗೆ ನೇತಾಡೋದು. ಆಟಕ್ಕೆ ಮಕ್ಕಳನ್ನು ಕೂಡಿಸೋಕೆ ಎರಡು ವಾರ ನಾನೇ ಪಕ್ಕದ ಮನೆಗಳ ಬಾಗಿಲು ತಟ್ಟಿದೆ. ಆಮೇಲೆ ಅವರೇ ನಮ್ಮ ಬಾಗಿಲು ತಟ್ಟೋಕೆ ಶುರು ಮಾಡಿದರು.

ಮಳೆ ಬಂದರೆ ಮನೆಯ ಹಾಲ್‌ನಲ್ಲೇ ಸೀಮೆಸುಣ್ಣದಲ್ಲಿ ಮನೆ ಬರೆದು ಕುಂಟೆಬಿಲ್ಲೆ. ಕೆಳಗಿನ ಮನೆಯವರು ಒಮ್ಮೆ ಮೇಲೆ ಬಂದು ಬೈದರು. ಅದಕ್ಕೇ ಈಗ ಏಳು ಗಂಟೆಯೊಳಗೆ ಮುಗಿಸುತ್ತೇವೆ.